ಸೊನ್ನೆಯಾದರೂ ಫೀಸು ಕಟ್ಟುವಷ್ಟು

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ನಿಲ್ಲಿಸಿ ಕೇಳಿದರು, "ಸರ್, ಬಿಟ್‌ಕಾಯಿನ್‌ಗೆ ಎಷ್ಟು ಪರ್ಸೆಂಟ್ ಹಾಕಬಹುದು? ಐದಾ, ಹತ್ತಾ?" ನಾನು ನಕ್ಕು ಮುಂದೆ ಬಂದೆ. ಪರ್ಸೆಂಟ್ ಹಿಡಿದು ಶುರು ಮಾಡಿದರೆ ಲೆಕ್ಕ ಎಡವುತ್ತದೆ. ಎಲ್ಲಿ ಎಡವುತ್ತದೆ ಅನ್ನುವುದನ್ನು ಒಂದು ಮನೆಯ ಲೆಕ್ಕದಲ್ಲೇ ತೋರಿಸುತ್ತೇನೆ.

ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಹೆಸರು ಬೇಡ. ಮಗಳಿಗೆ ಎಂಟು ವರ್ಷ. ಇನ್ನು ಹತ್ತು ವರ್ಷಕ್ಕೆ ಕಾಲೇಜಿಗೆ 30 ಲಕ್ಷ ಬೇಕು. ಆರು ತಿಂಗಳ ಖರ್ಚಿನ ದುಡ್ಡು ಎಫ್‌ಡಿಯಲ್ಲಿದೆ, ಆರೋಗ್ಯ ವಿಮೆ ಇದೆ, ಸಾಲ ಇಲ್ಲ. ತಿಂಗಳಿಗೆ 20,000 ಉಳಿಯುತ್ತದೆ. ಆ ಅಮ್ಮ ಹಾಲಿನ ಲೆಕ್ಕ ಬರೆಯುವ ಡೈರಿಯನ್ನೇ ತಂದಿದ್ದರು, ಹಿಂದಿನ ಪುಟಗಳಲ್ಲಿ ಎಲ್ಲಾ ಬರೆದಿತ್ತು. ಯಜಮಾನರ ಕೈಯಲ್ಲಿ ಮಾತ್ರ ಫೋನು, ಫೋನಲ್ಲಿ ಹಸಿರು ಅಂಕಿಗಳು.

ಅವರ ವಾದ ಸರಳವಾಗಿತ್ತು. "ಮ್ಯೂಚುವಲ್ ಫಂಡು ವರ್ಷಕ್ಕೆ ಹತ್ತು ಪರ್ಸೆಂಟ್ ಬೆಳೆದರೆ ತಿಂಗಳಿಗೆ 14,650ರ ಎಸ್‌ಐಪಿ ಸಾಕು. ಮಿಕ್ಕ ಐದು ಸಾವಿರ ಚಿಲ್ಲರೆ ಕ್ರಿಪ್ಟೋಗೆ ಹಾಕುತ್ತೇನೆ. ಹೋದರೆ ಹೋಗಲಿ."

ಲೆಕ್ಕ ಸರಿಯೇ. ಆದರೆ ಆ ಹತ್ತು ಪರ್ಸೆಂಟ್ ಯಾರೂ ಬರೆದುಕೊಟ್ಟಿಲ್ಲ, ಅಲ್ವಾ? ಎಂಟೇ ಬಂತು ಅಂದುಕೊಳ್ಳಿ. ಅದೇ 14,650 ಹತ್ತು ವರ್ಷಕ್ಕೆ ಸುಮಾರು 26.8 ಲಕ್ಷ ಆಗುತ್ತದೆ. ಮೂರು ಲಕ್ಷಕ್ಕಿಂತ ಜಾಸ್ತಿ ಕೊರತೆ. ಎಂಟು ಪರ್ಸೆಂಟಲ್ಲೂ 30 ಲಕ್ಷ ಮುಟ್ಟಬೇಕಾದರೆ ತಿಂಗಳಿಗೆ 16,400 ಕಟ್ಟಬೇಕು. ಆಗ ಉಳಿಯುವುದು 3,600. ಅವರು ಮಿಕ್ಕಿದ್ದು ಅಂದುಕೊಂಡಿದ್ದ ಐದು ಸಾವಿರದಲ್ಲಿ ಮಗಳ ಫೀಸಿನ ದುಡ್ಡೂ ಸೇರಿಕೊಂಡಿತ್ತು!

ಈ 3,600 ಕೂಡ ಪೂರ್ತಿ ಸ್ವತಂತ್ರ ಅಲ್ಲ. ಸ್ಕೂಟರ್ ರಿಪೇರಿ ಬರುತ್ತದೆ, ಮದುವೆ ಮುಯ್ಯಿ ಬರುತ್ತದೆ. ಹಾಗಾಗಿ ಅರ್ಧ ಬಿಟ್ಟುಬಿಡಿ ಅಂದೆ. ಈ ಅರ್ಧ ನನ್ನ ಅಂದಾಜು, ಶಾಸ್ತ್ರವೇನಲ್ಲ. ತಿಂಗಳಿಗೆ 1,800, ಎರಡು ವರ್ಷ ಹಾಕಿದರೆ 43,200. ಅಲ್ಲಿಗೆ ನಿಲ್ಲಿಸಬೇಕು. ಇದು ಪೂರ್ತಿ ಮುಳುಗಿದರೂ ಹೋಗುವುದು ಒಂದು ವರ್ಷದ ಮಿಗತೆ. ಎಸ್‌ಐಪಿ ಒಂದು ತಿಂಗಳೂ ತಪ್ಪುವುದಿಲ್ಲ, ಕಾಲೇಜು ಒಂದು ದಿನವೂ ಮುಂದೆ ಹೋಗುವುದಿಲ್ಲ.

ಪೂರ್ತಿ ಮುಳುಗುವುದು ಅನ್ನುವುದು ಸುಮ್ನೆ ಹೆದರಿಸುವ ಮಾತಲ್ಲ. 2022ರ ಮೇ ತಿಂಗಳಲ್ಲಿ ಲೂನಾ ಅನ್ನುವ ನಾಣ್ಯ 80 ಡಾಲರ್ ಆಸುಪಾಸಿನಿಂದ ಸುಮಾರು ಒಂದು ವಾರದಲ್ಲಿ ಪೈಸೆಗಿಂತ ಕೆಳಗೆ ಬಂತು. ಬಿಟ್‌ಕಾಯಿನ್ ಹಾಗಾಗಲಿಲ್ಲ, ನಿಜ. ಆದರೂ 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇದ್ದದ್ದು ಒಂದೇ ವರ್ಷದಲ್ಲಿ 16,000ಕ್ಕಿಂತ ಕೆಳಗೆ ಬಂದಿತ್ತು. ಇನ್ನು 2024ರ ಜುಲೈನಲ್ಲಿ ಕ್ರಿಪ್ಟೋ ಕೊಂಡು ಮಾರುವ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಲ್ಲಿ ಕಳ್ಳತನವಾಯಿತಲ್ಲ, ಅಲ್ಲಿ ನಾಣ್ಯದ ಬೆಲೆ ಬೀಳಬೇಕಾಗಿಯೇ ಇರಲಿಲ್ಲ. ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೋ ಹೋಯಿತು, ಗ್ರಾಹಕರು ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು. ಆ ಮಧ್ಯೆ ಫೀಸಿನ ಕೊನೇ ದಿನಾಂಕ ಬಂದಿದ್ದರೆ?

ಈಗ ಬಾಗಿಲಲ್ಲಿ ಕೇಳಿದವರ ಐದು ಪರ್ಸೆಂಟಿಗೆ ಬರೋಣ. ಹತ್ತು ಲಕ್ಷ ಇರುವವರು 50,000 ಹಾಕಿದರು. ಅದು 80 ಪರ್ಸೆಂಟ್ ಬಿದ್ದು 10,000 ಆಯಿತು. ಒಟ್ಟು 9.6 ಲಕ್ಷ ಉಳಿದಿದೆ, ಅದರ ಐದು ಪರ್ಸೆಂಟ್ 48,000. "ನನ್ನ ಮಿತಿ ಇನ್ನೂ ಬಾಕಿ ಇದೆ" ಅಂತ 38,000 ಮತ್ತೆ ಸುರಿದರು. ಮತ್ತೆ ಅಷ್ಟೇ ಬಿತ್ತು. ಮತ್ತೆ 36,500 ಸುರಿದರು. ಒಂದು ಸಲವೂ ಐದು ಪರ್ಸೆಂಟ್ ದಾಟಿಲ್ಲ ನೋಡಿ, ಆದರೆ ಕೈಯಿಂದ ಹೋದದ್ದು 1,24,500. ಇಂಡೆಕ್ಸ್ ಫಂಡ್ ಬಿದ್ದಾಗ ತುಂಬಿಸುವುದಕ್ಕೆ ಅರ್ಥ ಇದೆ. ಅದರ ಹಿಂದೆ ಹತ್ತಾರು ಕಂಪನಿಗಳು ದುಡಿಯುತ್ತಿರುತ್ತವೆ. ಸೊನ್ನೆಗೆ ಹೋಗಬಹುದಾದ ವಸ್ತುವಿಗೆ ಅದೇ ನಿಯಮ ಹಾಕಿದರೆ ತೂತು ಬಿಂದಿಗೆಗೆ ನೀರು ಸೇದಿದ ಹಾಗೆ. ಅದಕ್ಕೇ ನಾನು ಮಿತಿಯನ್ನು ರೂಪಾಯಿಯಲ್ಲಿ ಹಾಕುತ್ತೇನೆ. ಈಗ ಅದರ ಬೆಲೆ ಎಷ್ಟಿದೆ ಅಂತ ನೋಡುವುದಿಲ್ಲ, ಇವತ್ತಿನವರೆಗೆ ಜೇಬಿನಿಂದ ಹೋದದ್ದು ಎಷ್ಟು ಅಂತ ಅಷ್ಟೇ ನೋಡುತ್ತೇನೆ.

ತೆರಿಗೆಯೂ ಇದೇ ಕಡೆ ತಳ್ಳುತ್ತದೆ. 2022ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಕ್ರಿಪ್ಟೋ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ, ಅದರ ಮೇಲೆ 4 ಪರ್ಸೆಂಟ್ ಸೆಸ್. ಜನ ಗಮನಿಸದ ಸಂಗತಿ ಬೇರೆ ಇದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಒಂದರಲ್ಲಿ 60,000 ಲಾಭ, ಇನ್ನೊಂದರಲ್ಲಿ 60,000 ನಷ್ಟ ಆಯಿತು ಅನ್ನಿ. ನಿಮ್ಮ ಲೆಕ್ಕದಲ್ಲಿ ಸಮಸಮ. ತೆರಿಗೆಯವರ ಲೆಕ್ಕದಲ್ಲಿ ನೀವು 18,720 ಕಟ್ಟಬೇಕು. ನಷ್ಟವನ್ನು ಮುಂದಿನ ವರ್ಷಕ್ಕೆ ಎಳೆಯಲೂ ಆಗುವುದಿಲ್ಲ. ಮಾರಿದಾಗ ಹಿಡಿಯುವ ಒಂದು ಪರ್ಸೆಂಟ್ ಟಿಡಿಎಸ್ ಏನೋ ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದಿಕೊಳ್ಳುತ್ತದೆ, ಅದು ದೊಡ್ಡ ತಲೆನೋವಲ್ಲ. ಹತ್ತು ನಾಣ್ಯ ಹಿಡಿದು ದಿನಾ ಕೊಂಡು ಮಾರುವವರಿಗೆ ನಷ್ಟ ಕಳೆಯುವ ಹಾಗಿಲ್ಲ ಅನ್ನುವ ನಿಯಮವೇ ಹೊಡೆತ.

ಯಜಮಾನರು ಆಗ ಕೇಳಿದರು, "ಸರಿ, ಏರಿದರೆ?" ಒಳ್ಳೆಯ ಪ್ರಶ್ನೆ. ಬೀಳುವುದಕ್ಕಿಂತ ಏರುವುದೇ ಯೋಜನೆಯನ್ನು ಹೆಚ್ಚು ಕೆಡಿಸುತ್ತದೆ ಅಂತ ನನಗನ್ನಿಸುತ್ತದೆ. 43,200 ಹೋಗಿ ನಾಲ್ಕು ಲಕ್ಷ ಆಯಿತು ಅನ್ನಿ. ಮನಸ್ಸು ಅದನ್ನು ಆಗಲೇ ಕಾಲೇಜಿನ ದುಡ್ಡಲ್ಲಿ ಸೇರಿಸಿಬಿಡುತ್ತದೆ. "ಎಸ್‌ಐಪಿ ಸ್ವಲ್ಪ ಕಡಿಮೆ ಮಾಡೋಣ, ಹೇಗೂ ಅಲ್ಲಿ ಬೆಳೆಯುತ್ತಿದೆಯಲ್ಲ" ಅನ್ನುವ ಮಾತು ಮನೆಯಲ್ಲಿ ಬಂದ ದಿನವೇ ಮಿತಿ ಮುರಿದಿದೆ ಅಂತ ತಿಳಿಯಬೇಕು. ಇನ್ನೊಂದು ಗುರುತು, ಚೀಟಿ ಎತ್ತಿದ ದುಡ್ಡೋ ಒಡವೆ ಅಡವಿಟ್ಟ ದುಡ್ಡೋ ಅಲ್ಲಿಗೆ ಹೋಗುವುದು.

ಅದಕ್ಕೆ ಏರುವ ಮೊದಲೇ ಒಂದು ಗೆರೆ ಬರೆದಿಡಿ ಅಂದೆ. ಅವರ ಒಂದು ವರ್ಷದ ಎಸ್‌ಐಪಿ ಸುಮಾರು ಎರಡು ಲಕ್ಷ. ಕ್ರಿಪ್ಟೋದ ಬೆಲೆ ಅದನ್ನು ದಾಟಿದರೆ ಮುಕ್ಕಾಲು ಪಾಲು ಮಾರಬೇಕು. ಗೆರೆ ದಾಟಿದ್ದು ಗೊತ್ತಾಗದೆ ನಾಲ್ಕು ಲಕ್ಷದಲ್ಲಿ ಮಾರಿದರು ಅಂದುಕೊಂಡರೂ ಮೂರು ಲಕ್ಷ ಬರುತ್ತದೆ. ಅದರಲ್ಲಿ ಅಸಲು 32,400. ಉಳಿದ ಲಾಭಕ್ಕೆ ತೆರಿಗೆ, ಸೆಸ್ ಸೇರಿ ಸುಮಾರು 83,500. ಕೈಗೆ 2,16,500. ಇದು ಕಾಲೇಜಿನ ಫಂಡಿಗೆ ಸೇರಿದ ಮೇಲೆ ಮಾತ್ರ ಕಾಲೇಜಿನ ದುಡ್ಡು. ಅಲ್ಲಿಯತನಕ ಆ ನಾಲ್ಕು ಲಕ್ಷವನ್ನು ಡೈರಿಯಲ್ಲಿ ಸೊನ್ನೆ ಅಂತಲೇ ಬರೆಯಬೇಕು. ತೆರಿಗೆ ದುಡ್ಡನ್ನು ಬೇರೆ ಖಾತೆಯಲ್ಲಿಡಿ, ಖರ್ಚಾಗಿಬಿಡುತ್ತದೆ.

ಆ ಅಮ್ಮ ಡೈರಿಯಲ್ಲಿ 43,200 ಬರೆದು ಸುತ್ತ ಗೆರೆ ಎಳೆದರು. ಯಜಮಾನರು ಮೆಲ್ಲಗೆ, "ರೌಂಡಾಗಿ ಐವತ್ತು ಸಾವಿರ ಅಂತ ಮಾಡೋಣವಾ?" ಅಂದರು.

ಅವರು ತಲೆ ಎತ್ತಲೇ ಇಲ್ಲ. "ಆ 6,800 ನಿಮ್ಮ ತಂಗಿ ಮಗನ ಮದುವೆಗೆ ಬೇಕು ರೀ" ಅಂದು ಪುಟ ತಿರುಗಿಸಿದರು.