ಅಂಕಲ್‌ಗಳ :-) ಪರವಾಗಿ ಒಂದ್ ಮಾತು

ನಮಸ್ಕಾರ ಎಲ್ರಿಗೂ. ಫ್ಯಾಮಿಲಿ ಗ್ರೂಪಲ್ಲಿ ಕೋಲನ್, ಡ್ಯಾಶು, ಬ್ರಾಕೆಟ್ಟು ಒತ್ತಿ :-) ಅಂತ ನಗೋ ಅಂಕಲ್‌ಗಳನ್ನ ಎಲ್ರೂ ಕಾಲೆಳೀತೀರಲ್ಲ, ಇವತ್ತು ನಾನು ಅವರ ಕಡೆ.

ಇದು ಶುರುವಾಗಿದ್ದೇ ಒಂದು ಎಡವಟ್ಟಿಂದ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಕಂಪ್ಯೂಟರ್ ನೋಟಿಸ್ ಬೋರ್ಡಲ್ಲಿ ಯಾರೋ ತಮಾಷೆಗೆ, ಲಿಫ್ಟಲ್ಲಿ ಪಾದರಸ ಚೆಲ್ಲಿದೆ ಹುಷಾರು ಅಂತ ಬರೆದ್ರು, ಕೆಲವರು ನಿಜಾನೇ ಅನ್ಕೊಂಡ್ಬಿಟ್ರು. ಆಮೇಲೆ ಸೆಪ್ಟೆಂಬರ್ 19ಕ್ಕೆ ಸ್ಕಾಟ್ ಫಾಲ್ಮನ್ ಅನ್ನೋ ಮೇಷ್ಟ್ರು, ಜೋಕಿಗೆ :-) ಹಾಕಿ, ಜೋಕ್ ಅಲ್ದೇ ಇದ್ರೆ :-( ಹಾಕಿ, ಅಡ್ಡಡ್ಡ ಓದ್ಕೊಳ್ಳಿ ಅಂದ್ರು. ಅಂದ್ರೆ ಅದು ಮುಖದ ಚಿತ್ರಕ್ಕಿಂತ ಹೆಚ್ಚಾಗಿ, ಬೇಜಾರು ಮಾಡ್ಕೋಬೇಡ ಮಾರಾಯ ಅಂತ ವಾಕ್ಯದ ಕೊನೆಗೆ ಹಾಕೋ ಗುರುತು. ನಮ್ಮ ಅಂಕಲ್‌ಗಳು ಇವತ್ತಿಗೂ ಅದನ್ನ ಬಳಸೋದು ಹಂಗೇ.

ಎಮೋಜಿ ಕಥೆ ಬೇರೆ. ನೀವು 😁 ಒತ್ತಿದ್ರೆ ಚಿತ್ರ ಹೋಗಲ್ಲ, U+1F601 ಅನ್ನೋ ನಂಬರ್ ಹೋಗುತ್ತೆ, ಆ ನಂಬರಿಗೆ ಮುಖ ಬರೆಯೋದು ಆ ಕಡೆಯವರ ಫೋನು. ಮೊದ್ಲು ಐಫೋನಲ್ಲಿ ಇದೇ ಮುಖ ಹಲ್ಲು ಕಚ್ಚಿಕೊಂಡು ನೋವು ತಡ್ಕೊಂಡಿರೋ ಥರ ಕಾಣ್ತಿತ್ತು, ಬೇರೆ ಫೋನುಗಳಲ್ಲಿ ಖುಷಿಯಾಗಿ ಹಲ್ಲು ಕಿರೀತಿತ್ತು. 2016ರಲ್ಲಿ ಮಿನ್ನೆಸೋಟ ಯೂನಿವರ್ಸಿಟಿಯವರು ಜನರಿಗೆ ತೋರಿಸಿ ಕೇಳಿದಾಗ್ಲೂ ಹಂಗೇ ಬಂತು, ಒಂದೇ ಎಮೋಜಿ, ಆಪಲ್‌ದು ನೋಡಿದವರಿಗೆ ಬೇಸರ, ಉಳಿದವು ನೋಡಿದವರಿಗೆ ನಗು. ಆಮೇಲೆ ಆಪಲ್ ಅದನ್ನ ತಿದ್ದಿತು ಅನ್ನಿ. ವಾಟ್ಸಾಪ್ ಕೂಡ ಆಂಡ್ರಾಯ್ಡಲ್ಲಿ ತನ್ನದೇ ಚಿತ್ರ ತೋರಿಸೋದ್ರಿಂದ ಅಲ್ಲಿ ಈ ರಗಳೆ ಕಮ್ಮಿ.

ಹಂಗಂತ ಹಳೇ ನಗುವಿಗೂ ಪೆಟ್ಟು ಬಿದ್ದಿಲ್ಲ ಅಂತಲ್ಲ. ಆಫೀಸ್ ಈಮೇಲಲ್ಲಿ ವಾಕ್ಯದ ಕೊನೆಗೆ ಸುಮ್ನೆ J ಅಂತ ಒಂಟಿ ಅಕ್ಷರ ಬಂದಿದ್ದು ನೋಡಿದ್ದೀರಾ? ಅವರೇನೂ ತಪ್ಪು ಟೈಪ್ ಮಾಡಿಲ್ಲ, ಹಳೇ ಔಟ್‌ಲುಕ್ಕು :) ಅನ್ನೋದನ್ನ ತಾನೇ ಬದಲಾಯಿಸಿ ವಿಂಗ್‌ಡಿಂಗ್ಸ್ ಫಾಂಟಿನ J ಇಟ್ಟಿರುತ್ತೆ, ಆ ಫಾಂಟಲ್ಲಿ J ಅಂದ್ರೆ ನಗುಮುಖ, ಫಾಂಟ್ ಕಳಚಿಹೋದ್ರೆ ಬರೀ J. ಟೈಪ್ ಮಾಡಿದ ತಕ್ಷಣ Ctrl+Z ಒತ್ತಿದ್ರೆ ವಾಪಸ್ ನಿಮ್ಮ :) ಬರುತ್ತೆ. ನೋಡಿ, ಇಲ್ಲೂ ಕೆಟ್ಟಿದ್ದು ಸಾಫ್ಟ್‌ವೇರ್ ಅದನ್ನ ಚಂದ ಮಾಡೋಕೆ ಹೋಗಿದ್ರಿಂದ.

ಇನ್ನು ಎಸ್ಸೆಮ್ಮೆಸ್ ಕಾಲದ ಅಭ್ಯಾಸ ಬೇರೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಅಕ್ಷರ, :-) ಹಾಕಿದ್ರೆ ಮೂರು ಹೋಗುತ್ತೆ ಅಷ್ಟೇ. ಆದ್ರೆ ಒಂದೇ ಒಂದು ಎಮೋಜಿ ಸೇರಿದ್ರೂ ಇಡೀ ಮೆಸೇಜಿನ ಎನ್‌ಕೋಡಿಂಗ್, ಅಂದ್ರೆ ಅಕ್ಷರಗಳನ್ನ ನಂಬರ್ ಮಾಡಿ ಕಳಿಸೋ ರೀತಿ, ಬದಲಾಗಿ ಮಿತಿ 70ಕ್ಕೆ ಇಳಿಯುತ್ತೆ, ನೂರು ಅಕ್ಷರದ ಮೆಸೇಜು ಎರಡು ಮೆಸೇಜ್ ಆಗಿ ಕಾಸು ಡಬಲ್. ಕನ್ನಡ ಲಿಪಿಗೂ ಇದೇ 70ರ ಲೆಕ್ಕ ಬಿಡಿ, ಅದಕ್ಕೇ ಆಗ ಎಷ್ಟೋ ಜನ "oota aytha :-)" ಅಂತ ಇಂಗ್ಲಿಷಲ್ಲೇ ಕುಟ್ಟುತ್ತಿದ್ದಿದ್ದು.