ಬಾಡಿಗೆ ರಸೀದಿ ಕೇಳಿದರೆ ಮಾಲೀಕರು ಯಾಕೆ ಹಿಂಜರಿಯುತ್ತಾರೆ?

ನಮಸ್ಕಾರ. ಜನವರಿ ಬಂತು ಅಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿರುವ ಎಷ್ಟೋ ಸಂಬಳದಾರರಿಗೆ ಒಂದೇ ತಲೆನೋವು. ಆಫೀಸಿನಿಂದ ಮೇಲ್ ಬರುತ್ತದೆ: ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎಗೆ ತೆರಿಗೆ ವಿನಾಯಿತಿ ಬೇಕಿದ್ದರೆ ಬಾಡಿಗೆ ರಸೀದಿ ಕೊಡಿ, ಮಾಲೀಕರ ಪ್ಯಾನ್ ಕೊಡಿ, ಪ್ಯಾನ್ ಇಲ್ಲದಿದ್ದರೆ ಅವರಿಂದ ಘೋಷಣಾ ಪತ್ರ ತನ್ನಿ. ಸಂಜೆ ಮಾಲೀಕರ ಬಾಗಿಲು ಬಡಿದರೆ ಬರುವ ಉತ್ತರ ಬಹುತೇಕ ಒಂದೇ. "ರಸೀದಿ ಕೊಡ್ತೀನ್ರೀ, ಪ್ಯಾನ್ ಮಾತ್ರ ಕೇಳಬ್ಯಾಡ್ರಿ. ನಾಳೆ ಇನ್‌ಕಮ್ ಟ್ಯಾಕ್ಸ್‌ನವ್ರು ನನ್ನ ಮನಿಗೆ ಬಂದ್ರ ಯಾರ್ ಉತ್ತರ ಕೊಡಬೇಕು?"

ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಲೆಕ್ಕ ಹಾಕಿ ನೋಡಿದರೆ ಈ ಭಯಕ್ಕೆ ಆಧಾರವೇ ಇರುವುದಿಲ್ಲ. ಆ ಲೆಕ್ಕವನ್ನು ಮಾಲೀಕರಿಗೆ ತೋರಿಸಬೇಕಾದವರು ಬಾಡಿಗೆದಾರರು. ನಾವು ತೋರಿಸುವುದಿಲ್ಲ, ಸುಮ್ನೆ ಕಾಗದ ಮುಂದಿಟ್ಟು ಸಹಿ ಕೇಳುತ್ತೇವೆ. ನನ್ನ ತಕರಾರು ಇದೇ.

ಮೊದಲು ನಿಮಗೆ ಈ ರಸೀದಿ ಬೇಕೇ ಅಂತ ನೋಡಿಕೊಳ್ಳಿ. ಎಚ್‌ಆರ್‌ಎ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. 2025-26ರ ಲೆಕ್ಕದಲ್ಲಿ ವರ್ಷಕ್ಕೆ 12.75 ಲಕ್ಷದವರೆಗೆ ಸಂಬಳ ಇರುವವರಿಗೆ, ಬೇರೆ ಆದಾಯ ಇಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಅಂಥವರು ರಸೀದಿಗಾಗಿ ಮಾಲೀಕರ ಜೊತೆ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಹಾಗಾದರೆ ಯಾರಿಗೆ ಬೇಕು? ಒಂದು ಉದಾಹರಣೆ ತೆಗೆದುಕೊಳ್ಳೋಣ.

ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಒಬ್ಬರ ಸಂಬಳ ವರ್ಷಕ್ಕೆ 14 ಲಕ್ಷ. ಮೂಲ ವೇತನ ತಿಂಗಳಿಗೆ 60,000, ಎಚ್‌ಆರ್‌ಎ 24,000. ವಿದ್ಯಾನಗರದಲ್ಲಿ 18,000 ಬಾಡಿಗೆಯ ಮನೆ. ಗದಗಿನಲ್ಲಿ ಸಾಲ ಮಾಡಿ ಸ್ವಂತ ಮನೆ ತೆಗೆದುಕೊಂಡಿದ್ದಾರೆ, ಅಪ್ಪ-ಅಮ್ಮ ಅಲ್ಲಿದ್ದಾರೆ. ಸಾಲದ ಬಡ್ಡಿ, ಪಿಎಫ್, ಎನ್‌ಪಿಎಸ್, ಆರೋಗ್ಯ ವಿಮೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಎಲ್ಲ ಸೇರಿ ಹಳೆಯ ಪದ್ಧತಿಯಲ್ಲಿ 5.25 ಲಕ್ಷ ಕಳೆಯುತ್ತದೆ. ಉಳಿಯುವುದು 8.75 ಲಕ್ಷ. ಇದಕ್ಕೆ ಸೆಸ್ ಸೇರಿ ತೆರಿಗೆ 91,000. ಹೊಸ ಪದ್ಧತಿಗೆ ಹೋದರೆ 81,900. ಅಂದರೆ ಎಚ್‌ಆರ್‌ಎ ಇಲ್ಲದಿದ್ದರೆ ಹೊಸದೇ ವಾಸಿ.

ಈಗ ಬಾಡಿಗೆ ಸೇರಿಸಿ. ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ ವಿನಾಯಿತಿ. ಬಂದ ಎಚ್‌ಆರ್‌ಎ 2,88,000. ಹುಬ್ಬಳ್ಳಿಗೆ ಮೂಲ ವೇತನದ ಶೇಕಡಾ 40, ಅದೂ 2,88,000. ಮೂರನೆಯದು ಕಟ್ಟಿದ ಬಾಡಿಗೆಯಲ್ಲಿ ಮೂಲ ವೇತನದ ಶೇಕಡಾ 10 ಕಳೆದದ್ದು: 2,16,000ರಲ್ಲಿ 72,000 ಹೋದರೆ 1,44,000. ಇದೇ ಕಡಿಮೆ, ಇಷ್ಟಕ್ಕೇ ವಿನಾಯಿತಿ. ತೆರಿಗೆ 61,048ಕ್ಕೆ ಇಳಿಯುತ್ತದೆ. ಹೊಸ ಪದ್ಧತಿಗಿಂತ ಸುಮಾರು 20,850 ರೂಪಾಯಿ ಉಳಿತಾಯ. ಇವರಿಗೆ ಆ ರಸೀದಿ ನಿಜವಾಗಿಯೂ ಬೇಕು.

ಇನ್ನು ಮಾಲೀಕರ ಕಡೆ ಬನ್ನಿ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಅವರ ಪ್ಯಾನ್ ಅನ್ನು ಆಫೀಸಿಗೆ ಕೊಡಲೇಬೇಕು. ತಿಂಗಳಿಗೆ 8,333ಕ್ಕಿಂತ ಜಾಸ್ತಿ ಬಾಡಿಗೆ ಅಂದರೆ ಈ ನಿಯಮ ಬಂತು. ನಮ್ಮ ಉದಾಹರಣೆಯ ಮಾಲೀಕರು ನಿವೃತ್ತರು, ಪಿಂಚಣಿ ತಿಂಗಳಿಗೆ 35,000 ಅಂದುಕೊಳ್ಳಿ. ಅವರಿಗೆ ಬರುವ ಬಾಡಿಗೆ 2,16,000. ಇದರಲ್ಲಿ ಪಾಲಿಕೆಗೆ ಕಟ್ಟಿದ ಮನೆ ತೆರಿಗೆ 10,000 ಕಳೆಯಬಹುದು. ಉಳಿದದ್ದರಲ್ಲಿ ಶೇಕಡಾ 30, ಅಂದರೆ 61,800, ಯಾವ ಬಿಲ್ಲೂ ಇಲ್ಲದೆ ಕಳೆಯುತ್ತದೆ. ರಿಪೇರಿ ಮಾಡಿಸಿರಲಿ ಬಿಡಲಿ, ಇದು ಸಿಗುತ್ತದೆ. ಲೆಕ್ಕಕ್ಕೆ ಬರುವ ಬಾಡಿಗೆ ಆದಾಯ 1,44,200 ಮಾತ್ರ. ಪಿಂಚಣಿ 4,20,000ದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 3,45,000. ಎರಡೂ ಸೇರಿ 4,89,200. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇದೆ. ಕಟ್ಟಬೇಕಾದ ತೆರಿಗೆ ಸೊನ್ನೆ. ಬ್ಯಾಂಕ್ ಬಡ್ಡಿ ಒಂದೆರಡು ಲಕ್ಷ ಬಂದರೂ ಸೊನ್ನೆಯೇ. ಆದರೆ ಒಟ್ಟು ಆದಾಯ 4 ಲಕ್ಷ ದಾಟಿದ್ದರಿಂದ ರಿಟರ್ನ್ ಸಲ್ಲಿಸಬೇಕು, ಬಾಡಿಗೆಯನ್ನು ಅದರಲ್ಲಿ ತೋರಿಸಬೇಕು. ಅಷ್ಟೇ ಅವರ ಕೆಲಸ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ಕಾಕಾ, ನಿಮಗ ಒಂದ್ ರೂಪಾಯಿ ಟ್ಯಾಕ್ಸ್ ಬರೂದಿಲ್ಲ, ನೋಡ್ರಿಲ್ಲೆ" ಅಂತ ಕೂತು ತೋರಿಸಿ. ಮಾಲೀಕರಿಗೆ ನಾಲ್ಕೈದು ಮನೆ, ಮೇಲೊಂದು ಅಂಗಡಿ ಇದ್ದರೆ ಮಾತು ಬೇರೆ. ಅವರಿಗೆ ತೆರಿಗೆ ಬರಬಹುದು. ಬಂದರೆ ಅದು ಅವರು ಹೇಗೂ ಕಟ್ಟಬೇಕಾದದ್ದು, ನೀವು ಹೇರಿದ್ದಲ್ಲ.

ಈಗ ಘೋಷಣಾ ಪತ್ರ. ಇಲ್ಲಿ ದೊಡ್ಡ ಗೊಂದಲ ಇದೆ. "ನನಗೆ ಪ್ಯಾನ್ ಇಲ್ಲ" ಎಂದು ಮಾಲೀಕರು ತಮ್ಮ ಹೆಸರು, ವಿಳಾಸದ ಜೊತೆ ಬರೆದುಕೊಡುವ ಕಾಗದ ಅದು. ಪ್ಯಾನ್ ಇದ್ದೂ ಕೊಡಲು ಮನಸ್ಸಿಲ್ಲದವರಿಗೆ ಅಲ್ಲ. ಪಿಂಚಣಿ ತೆಗೆದುಕೊಳ್ಳುವ, ಬ್ಯಾಂಕಿನಲ್ಲಿ ದೊಡ್ಡ ಎಫ್‌ಡಿ ಇಟ್ಟಿರುವ ಮನುಷ್ಯರಿಗೆ ಪ್ಯಾನ್ ಇಲ್ಲ ಅಂದರೆ ಯಾರು ನಂಬುತ್ತಾರೆ? ಅಂಥ ಕಾಗದಕ್ಕೆ ಸಹಿ ಮಾಡಿಸುವುದು ಎಂದರೆ ವಯಸ್ಸಾದವರಿಂದ ಸುಳ್ಳು ಬರೆಸಿದ ಹಾಗೆ. ಮಾಡಬೇಡಿ. ಸ್ನೇಹಿತರ ಪ್ಯಾನ್ ಹಾಕಿ ರಸೀದಿ ತಯಾರಿಸುವುದು ಇನ್ನೂ ಕೆಟ್ಟದ್ದು. ತಪ್ಪು ಮಾಹಿತಿ ಕೊಟ್ಟಿದ್ದು ಸಾಬೀತಾದರೆ ಉಳಿಸಿದ ತೆರಿಗೆಯ ಜೊತೆ ಅದರ ಶೇಕಡಾ 200ರಷ್ಟು ದಂಡ ಬೀಳುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು ಜಾಸ್ತಿ. ಮನೆ ತಾಯಿಯ ಹೆಸರಲ್ಲಿ, ಬಾಡಿಗೆ ಹೋಗುವುದು ಮಗನ ಫೋನ್‌ಪೇಗೆ, ಕರಾರು ಪತ್ರದಲ್ಲಿ ತಂದೆಯ ಸಹಿ. ರಸೀದಿಯಲ್ಲಿ ಇರಬೇಕಾದದ್ದು ಮಾಲೀಕರದೇ ಹೆಸರು, ಪ್ಯಾನ್, ಸಹಿ. ಬಾಡಿಗೆಯೂ ಅವರ ಖಾತೆಗೇ ಹೋದರೆ ಒಳ್ಳೆಯದು. ಆಗದಿದ್ದರೆ "ನನ್ನ ಪರವಾಗಿ ನನ್ನ ಮಗನ ಖಾತೆಗೆ ಜಮಾ ಆಗಿದೆ" ಎಂಬ ಒಂದು ಸಾಲು ರಸೀದಿಯಲ್ಲಿ ಬರೆಸಿ. ಜೊತೆಗೆ ಯಾವ ತಿಂಗಳದ್ದು, ಎಷ್ಟು, ನಗದೋ ಖಾತೆಗೋ, ಮನೆಯ ಪೂರ್ತಿ ವಿಳಾಸ ಇರಲಿ. ನಗದು 5,000 ದಾಟಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಹಚ್ಚಿ ಅದರ ಮೇಲೆ ಸಹಿ ಮಾಡಿಸಿ. ಹೆಸ್ಕಾಂ ಬಿಲ್, ನೀರಿನ ಬಿಲ್, ಅಡ್ವಾನ್ಸ್ ಇದರಲ್ಲಿ ಸೇರಿಸಬೇಡಿ. ಅವು ಬಾಡಿಗೆಯಲ್ಲ.

ಇದನ್ನೆಲ್ಲ ಜನವರಿಯಲ್ಲಿ ಕೇಳಬಾರದು. ಮನೆ ನೋಡಲು ಹೋದ ದಿನವೇ, ಅಡ್ವಾನ್ಸ್ ಕೊಡುವ ಮುಂಚೆ ಕೇಳಬೇಕು. ಆಗ ಒಪ್ಪದ ಮಾಲೀಕರು ಆಮೇಲೆಯೂ ಒಪ್ಪುವುದಿಲ್ಲ, ನೀವು ಬೇರೆ ಮನೆ ನೋಡಬಹುದು. ಒಪ್ಪಿದರೆ ಪ್ಯಾನ್ ಅನ್ನು ಕರಾರಿನಲ್ಲೇ ಬರೆಸಿ.

ಎಷ್ಟು ಹೇಳಿದರೂ ಮಾಲೀಕರು ಪ್ಯಾನ್ ಕೊಡಲಿಲ್ಲ ಅಂದುಕೊಳ್ಳಿ. ಆಫೀಸು ಎಚ್‌ಆರ್‌ಎ ಬಿಟ್ಟು ತೆರಿಗೆ ಹಿಡಿಯುತ್ತದೆ. ಆಫೀಸಿನವರ ಜೊತೆ ವಾದ ಬೇಡ, ಅವರಿಗೆ ನಿಯಮ ಇದೆ. ಆದರೆ ನಿಮ್ಮ ಹಕ್ಕು ಅಲ್ಲಿಗೆ ಮುಗಿಯುವುದಿಲ್ಲ. ನಿಜವಾಗಿ ಬಾಡಿಗೆ ಕಟ್ಟಿದ್ದರೆ, ಕರಾರು ಪತ್ರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ, ನೀವೇ ರಿಟರ್ನ್‌ನಲ್ಲಿ ಹಳೆಯ ಪದ್ಧತಿ ಆರಿಸಿ ವಿನಾಯಿತಿ ಕೇಳಬಹುದು. ಜಾಸ್ತಿ ಹಿಡಿದ ಹಣ ರೀಫಂಡ್ ಆಗಿ ಬರುತ್ತದೆ. ನಾಳೆ ಇಲಾಖೆ ಪುರಾವೆ ಕೇಳಿದರೆ ಆ ಕಾಗದಗಳೇ ಆಧಾರ, ಹಾಗಾಗಿ ಬಾಡಿಗೆಯನ್ನು ನಗದಾಗಿ ಕೊಡಬೇಡಿ. ರಿಟರ್ನ್ ಅನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿ. ಆ ದಿನ ದಾಟಿದರೆ ಹಳೆಯ ಪದ್ಧತಿ ಆರಿಸುವ ಅವಕಾಶ ಹೋಗುತ್ತದೆ, ಅದರ ಜೊತೆ ಎಚ್‌ಆರ್‌ಎ ವಿನಾಯಿತಿಯೂ ಹೋಗುತ್ತದೆ.