ಮೊದಲು ಅಕ್ಷರ, ಆಮೇಲೆ ಅಡ್ಡಗೆರೆ

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹವಾದ ಗ್ಯಾಲಿಕಾದಲ್ಲಿ ಹಳೇ ಫ್ರೆಂಚ್ ಪತ್ರಿಕೆ ಹುಡುಕಿದವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ಪೀಠಿಕೆ ಬೇಡ, ಜಗಳದಿಂದಲೇ ಶುರು ಮಾಡುತ್ತೇನೆ. ಓಸಿಆರ್ ಪಠ್ಯ, ಅಂದರೆ ಪುಟದ ಚಿತ್ರವನ್ನು ಯಂತ್ರ ಓದಿ ಕೊಟ್ಟ ಅಕ್ಷರಗಳು, ಕೈಗೆ ಬಂದ ತಕ್ಷಣ ಸಾಲಿನ ಕೊನೆಯ ಅಡ್ಡಗೆರೆಗಳನ್ನೆಲ್ಲ ಅಳಿಸಿಹಾಕುತ್ತೀರಲ್ಲ, ಅದನ್ನು ದಯವಿಟ್ಟು ನಿಲ್ಲಿಸಿ.

ಒಮ್ಮೆ ನಾನು ಪ್ಯಾರಿಸ್ಸಿನ ಒಂದು ದಿನಪತ್ರಿಕೆಯ ಇಡೀ ವರ್ಷದ ಪಠ್ಯದಲ್ಲಿ `cœur` ಹುಡುಕಿದೆ. ಕೂರ್ ಅಂದರೆ ಹೃದಯ. ಸಿಕ್ಕಿದ್ದು ಬೆರಳೆಣಿಕೆಯಷ್ಟು. ಧಾರಾವಾಹಿ ಕಾದಂಬರಿ ಹಾಕುತ್ತಿದ್ದ ಪತ್ರಿಕೆಯಲ್ಲಿ ಹೃದಯವೇ ಇಲ್ಲ ಅಂದರೆ ನಂಬೋದು ಹೇಗೆ? ಕೊನೆಗೆ ಸುಮ್ನೆ `cceur` ಅಂತ ಹೊಡೆದೆ. ರಾಶಿ ರಾಶಿ ಸಿಕ್ಕಿತು! `œ` ಅಚ್ಚಿನಲ್ಲಿ `o` ಮತ್ತು `e` ಒಂದೇ ಗೋಡೆ ಹಂಚಿಕೊಂಡಿರುತ್ತವೆ. ಶಾಯಿ ಹರಡಿದರೆ ಎಡಗಡೆಯ ಬಾಗು `c` ಥರ ಕಾಣುತ್ತದೆ. ಹಾಗೆಯೇ ಸೂರ್, ಅಂದರೆ ಸಹೋದರಿ, `sceur` ಆಗುತ್ತಾಳೆ. ಪಾಪ.

ಇದೇ ಥರ `ffi`. ಅದು ಒಂದೇ ತುಂಡು ಅಚ್ಚು. ಸವೆದರೆ ಯಂತ್ರಕ್ಕೆ `fli` ಅಂತ ಕಾಣುತ್ತದೆ. ಈಗ ಅಂಥ ಪದ ಕಿರಿದಾದ ಅಂಕಣದಲ್ಲಿ ಎರಡಾಗಿ ಮುರಿದಿದೆ ಅಂದುಕೊಳ್ಳಿ:

```
difli-
culté
```

ಇದು ಕಷ್ಟ ಎನ್ನುವ ಅರ್ಥದ `difficulté`. ಅಡ್ಡಗೆರೆ ತೆಗೆದು ಜೋಡಿಸಿದರೆ `difliculté` ಆಗುತ್ತದೆ. ನಿಘಂಟಿನಲ್ಲಿ ಇಲ್ಲ. ಆಗ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ? ಜೋಡಿಸಿದ್ದು ಪದವಲ್ಲ, ಹಾಗಾದರೆ ಅಡ್ಡಗೆರೆ ಪದದ್ದೇ ಇರಬೇಕು ಅಂತ ಅದನ್ನು ಉಳಿಸಿಬಿಡುತ್ತದೆ. ಒಂದು ತಪ್ಪು ಇನ್ನೊಂದನ್ನು ಕಾಪಾಡಿತು, ಅಲ್ವಾ? ಅದಕ್ಕೇ ಹೇಳೋದು: ಮೊದಲು ಅಕ್ಷರ, ಆಮೇಲೆ ಅಡ್ಡಗೆರೆ.

ನಿಘಂಟಿನ ಪರೀಕ್ಷೆ ಬೇಡ, ಕಣ್ಣು ಮುಚ್ಚಿ ಅಳಿಸುತ್ತೇವೆ ಅನ್ನುವವರಿಗೆ `peut-être` ಸಾಕು. ಪೂತೆತ್ರ್, ಅಂದರೆ ಬಹುಶಃ. ಸಾಲಿನ ಕೊನೆಯಲ್ಲಿ `peut-` ಬಂದರೆ ಆ ಗೆರೆ ಪದದ ಸ್ವಂತದ್ದು. ಅಳಿಸಿದರೆ `peutêtre` ಅನ್ನೋ ಹುಟ್ಟದ ಕೂಸು. ಮುರಿದ ತುಂಡುಗಳನ್ನು ಎರಡೂ ರೀತಿ ಜೋಡಿಸಿ, ಅದೇ ಪತ್ರಿಕೆಯಲ್ಲಿ ಸಾಲಿನ ನಡುವೆ ಯಾವುದು ಹೆಚ್ಚು ಸಲ ಬಂದಿದೆ ಅಂತ ಎಣಿಸಿ. ಇಂದಿನ ನಿಘಂಟಿಗಿಂತ ಆ ಪತ್ರಿಕೆಯೇ ಒಳ್ಳೆಯ ಸಾಕ್ಷಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರಡೇ ಮಾತು. ಕೆಲವು ತಂತ್ರಾಂಶಗಳು ಸಾಲಿನ ಕೊನೆಗೆ `-` ಬದಲು `¬` ಹಾಕುತ್ತವೆ, ಅದನ್ನೂ ಹುಡುಕಿ. ಇನ್ನೊಂದು, `ﬁ` ಒಂದೇ ಸಂಕೇತವಾಗಿ ಬಂದಿದ್ದರೆ ಯೂನಿಕೋಡ್ ಪಠ್ಯವನ್ನು ಏಕರೂಪಕ್ಕೆ ತರುವ `NFKC` ವಿಧಾನ ಅದನ್ನು `f`, `i` ಎಂದು ಬಿಡಿಸುತ್ತದೆ. `œ` ಅನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ, ಫ್ರೆಂಚಿಗೆ ಅದು ಕಾಗುಣಿತದ ವಿಷಯ. ಅಂಕಣಗಳೇ ಅದಲುಬದಲಾದರೆ ಏನು ಮಾಡೋದು ಅಂತಲೂ ಬರೆದುಕೊಂಡು ಬಂದಿದ್ದೆ. ಅದನ್ನು ಚಹಾ ಕುಡಿಯುತ್ತಾ ಕೇಳಿ, ಹೇಳುತ್ತೇನೆ.